ಕಟ್ ಬೇರೆ, ಬೀಟ್ ಬೇರೆ

ಬೀಟ್‌ಗೆ ಎಡಿಟ್ ಮಾಡುವುದು ಅಂದರೆ ತುಂಬಾ ಜನ ಅಂದುಕೊಳ್ಳುವುದು ಇಷ್ಟೇ. ಹಾಡನ್ನು ಟೈಮ್‌ಲೈನ್ ಮೇಲೆ ಹಾಕಬೇಕು, ಡ್ರಮ್ ಬಡಿದ ಕಡೆಯೆಲ್ಲಾ ಶಾಟ್ ಬದಲಿಸಬೇಕು. ಹೀಗೆ ಮಾಡಿದ ವಿಡಿಯೋ ಮೊದಲ ಹತ್ತು ಸೆಕೆಂಡ್ ಚೆನ್ನಾಗಿಯೇ ಇರುತ್ತದೆ. ಆಮೇಲೆ ನೋಡುವವರಿಗೆ ಮುಂದಿನ ಕಟ್ ಯಾವಾಗ ಬರುತ್ತದೆ ಅಂತ ಗೊತ್ತಾಗಿಬಿಡುತ್ತದೆ. ಒಮ್ಮೆ ಅದು ಗೊತ್ತಾದ ಮೇಲೆ ಅವರು ಶಾಟ್ ನೋಡುವುದಿಲ್ಲ, ಸುಮ್ನೆ ಕಟ್ ಬರುವುದನ್ನು ಕಾಯುತ್ತಾ ಕೂರುತ್ತಾರೆ.

ಇದು ಹೊಸ ಸಮಸ್ಯೆ ಏನಲ್ಲ. ರಷ್ಯಾದ ನಿರ್ದೇಶಕ ಸೆರ್ಗೆಯ್ ಐಸೆನ್‌ಸ್ಟೈನ್ 1929ರಲ್ಲಿಯೇ ಎಡಿಟಿಂಗ್ ಬಗ್ಗೆ ಬರೆಯುವಾಗ ಎರಡು ರೀತಿಗಳನ್ನು ಬೇರೆ ಮಾಡಿ ಹೇಳಿದ್ದರು. ಒಂದರಲ್ಲಿ ಶಾಟ್ ಎಷ್ಟು ಉದ್ದ ಅನ್ನುವುದಷ್ಟೇ ಲೆಕ್ಕ, ಒಳಗೆ ಏನಿದೆ ಅಂತ ನೋಡುವ ಹಾಗಿಲ್ಲ. ಇನ್ನೊಂದರಲ್ಲಿ ಚೌಕಟ್ಟಿನೊಳಗೆ ನಡೆಯುವ ಚಲನೆಯೂ ಲೆಕ್ಕಕ್ಕೆ ಬರುತ್ತದೆ. ಇವತ್ತು ಬೀಟ್ ಕಟ್ ಅಂತ ನಾವು ನೋಡುವುದರಲ್ಲಿ ಹೆಚ್ಚಿನದು ಮೊದಲನೆಯ ಜಾತಿಯದು. ನನಗೆ ಇಷ್ಟವಾಗುವುದು ಎರಡನೆಯದು. ಅದನ್ನು ಮಾಡಬೇಕಾದರೆ ಹಾಡು ಹುಡುಕುವುದಕ್ಕೂ ಮೊದಲು ಶೂಟ್ ಮಾಡಿದ ದೃಶ್ಯದೊಳಗೇ ಒಂದು ಬೀಟ್ ಇದೆಯಾ ಅಂತ ನೋಡಬೇಕು. ಸಾಮಾನ್ಯವಾಗಿ ಇರುತ್ತದೆ.

ಒಂದು ಉದಾಹರಣೆ ಹಿಡಿದುಕೊಂಡು ಹೇಳುತ್ತೇನೆ. ಒಬ್ಬ ಓಟಗಾರ್ತಿಯ ಅಭ್ಯಾಸದ ವಿಡಿಯೋ. ಒಂದು ನಿಮಿಷದ ಆಸುಪಾಸು. ಮೊದಲರ್ಧ ಅವಳು ಓಡುತ್ತಾಳೆ, ಎರಡನೇ ಅರ್ಧದಲ್ಲಿ ಓಟ ಮುಗಿಸಿ ಕೂತು ಸುಧಾರಿಸಿಕೊಳ್ಳುತ್ತಾಳೆ. ಸೆಕೆಂಡಿಗೆ 25 ಫ್ರೇಮ್‌ನಲ್ಲಿ ಶೂಟ್ ಆಗಿದೆ, ಸ್ಲೋ ಮೋಷನ್‌ಗೆ ಅಂತ ಕೆಲವು ಶಾಟ್ 50 ಫ್ರೇಮ್‌ನಲ್ಲಿವೆ. ಒಂದೇ ವಿಡಿಯೋದಲ್ಲಿ ಜೋರಾದ ಭಾಗ, ಶಾಂತವಾದ ಭಾಗ ಎರಡೂ ಇರುವುದರಿಂದ ಕಲಿಯುವುದಕ್ಕೆ ಇದು ಒಳ್ಳೆಯ ಸಾಮಗ್ರಿ.

ಮೊದಲು ಎಣಿಸಿದ್ದು ಕಾಲಿನ ಹೆಜ್ಜೆ. ಎಡಗಾಲು ನೆಲಕ್ಕೆ ತಾಗಿದ ಫ್ರೇಮ್‌ನಲ್ಲಿ ನಿಲ್ಲಿಸಿ, ಒಂದೊಂದೇ ಫ್ರೇಮ್ ಮುಂದೆ ಹೋಗಿ, ಬಲಗಾಲು ತಾಗುವ ತನಕ ಲೆಕ್ಕ ಹಾಕಿದರೆ 9 ಫ್ರೇಮ್. ಇನ್ನೂ ಕೆಲವು ಹೆಜ್ಜೆ ನೋಡಿದರೂ ಅಷ್ಟೇ. ಸೆಕೆಂಡಿಗೆ 25 ಫ್ರೇಮ್ ಅಂದರೆ ನಿಮಿಷಕ್ಕೆ 1500. ಅದನ್ನು 9ರಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 167 ಹೆಜ್ಜೆ. ಈ ದೃಶ್ಯದ ಟೆಂಪೋ ಅದು. ಹಾಡು ಇನ್ನೂ ಬಂದಿಲ್ಲ, ಆದರೆ ಟೆಂಪೋ ಆಗಲೇ ಇದೆ.

ಇಂಥ ವಿಡಿಯೋಗೆ ಎಲ್ಲರೂ ಮೊದಲು ಕೈ ಹಾಕುವುದು ನಿಮಿಷಕ್ಕೆ 120, 128 ಬೀಟ್‌ನ ಹತ್ತಿರದ ಡ್ಯಾನ್ಸ್ ಟ್ರ್ಯಾಕ್‌ಗೆ. 128ರಲ್ಲಿ ಒಂದು ಬೀಟ್‌ಗೆ 11.7 ಫ್ರೇಮ್ ಬರುತ್ತದೆ. ಹೆಜ್ಜೆ 9 ಫ್ರೇಮ್‌ಗೊಂದು. ಎರಡನ್ನೂ ಜೊತೆಗಿಟ್ಟು ನೋಡಿದೆ. ಒಂದು ಹೆಜ್ಜೆ ಡ್ರಮ್ ಮೇಲೆ ಬೀಳುತ್ತದೆ, ಮುಂದಿನದು ಡ್ರಮ್‌ಗಿಂತ ಮುಂಚೆಯೇ ಬೀಳುತ್ತದೆ, ಅದರ ಮುಂದಿನದು ಇನ್ನೂ ಮುಂಚೆ. ಕಟ್ ಎಷ್ಟೇ ಸರಿಯಾಗಿ ಕೂತಿದ್ದರೂ ಅವಳ ಕಾಲು ಎಡವುತ್ತಿರುವ ಹಾಗೆ ಕಾಣುತ್ತದೆ. ನೋಡುವವರಿಗೆ ಏನು ತಪ್ಪಾಗಿದೆ ಅಂತ ಹೇಳುವುದಕ್ಕೆ ಆಗುವುದಿಲ್ಲ. ಯಾಕೋ ಹಿಡಿಸಲಿಲ್ಲ ಅನ್ನುತ್ತಾರೆ ಅಷ್ಟೇ.

ಹಾಗಾದರೆ 167ರ ಹಾಡು ಹುಡುಕಬೇಕಾ? ಹುಡುಕಬಹುದು, ಅರ್ಧಕ್ಕೂ ಹುಡುಕಬಹುದು. ಅಂದರೆ 83, 84ರ ಹತ್ತಿರ. ಸಂಗೀತ ಕಲಿತವರಿಗೆ ಇದು ಗೊತ್ತಿರುವ ವಿಷಯ: ಕೈಯಲ್ಲಿ ಹಾಕುವ ತಾಳ ಬದಲಾಗುವುದಿಲ್ಲ, ಅದೇ ತಾಳಕ್ಕೆ ಒಂದನೇ ಕಾಲದಲ್ಲೂ ಹಾಡಬಹುದು, ಎರಡನೇ ಕಾಲದಲ್ಲೂ ಹಾಡಬಹುದು. 84ರ ಹಾಡಿನಲ್ಲಿ ಒಂದು ಬೀಟ್‌ಗೆ ಎರಡು ಹೆಜ್ಜೆ ಕೂರುತ್ತದೆ. ಮ್ಯೂಸಿಕ್ ಲೈಬ್ರರಿಗಳಲ್ಲಿ ಟೆಂಪೋ ಹಾಕಿ ಹುಡುಕುವಾಗಲೂ ಈ ಅರ್ಧ ಮತ್ತು ದುಪ್ಪಟ್ಟಿನ ಲೆಕ್ಕ ನೆನಪಿರಬೇಕು. ಟೆಂಪೋ ಗುರುತಿಸುವ ಸಾಫ್ಟ್‌ವೇರ್ ಒಂದೇ ಹಾಡನ್ನು ಕೆಲವೊಮ್ಮೆ 84 ಅನ್ನುತ್ತದೆ, ಕೆಲವೊಮ್ಮೆ 168 ಅನ್ನುತ್ತದೆ. ಅದರದ್ದೇನೂ ತಪ್ಪಲ್ಲ. ಕಾಲಲ್ಲಿ ತಾಳ ಹಾಕುತ್ತಾ ಕೇಳಿದರೆ ನಮಗೆ ಯಾವುದು ಸರಿ ಅಂತ ಗೊತ್ತಾಗುತ್ತದೆ.

84 ಅಂದರೆ ನಿಧಾನದ ಹಾಡು, ಓಟಕ್ಕೆ ಹೇಗೆ ಸಾಕಾಗುತ್ತದೆ ಅಂತ ಅನ್ನಿಸಬಹುದು. ಇಲ್ಲೇ ಟೆಂಪೋ ಸಂಖ್ಯೆಯನ್ನು ನಂಬಿ ಜಾಸ್ತಿ ಜನ ದಾರಿ ತಪ್ಪುವುದು. ಹಾಡು ಜೋರು ಅನ್ನಿಸುವುದು ಬರೀ ಬೀಟ್‌ನ ವೇಗದಿಂದಲ್ಲ. ಎರಡು ಬೀಟ್‌ಗಳ ನಡುವೆ ಏನೇನು ತುಂಬಿದೆ ಅನ್ನುವುದರ ಮೇಲೂ ಹೋಗುತ್ತದೆ. ನಾನು ಆರಿಸಿದ 84ರ ಟ್ರ್ಯಾಕ್‌ನಲ್ಲಿ ಹೈ-ಹ್ಯಾಟ್ ಅನ್ನುವ ಜೋಡಿ ತಟ್ಟೆ ಒಂದು ಬೀಟ್‌ಗೆ ನಾಲ್ಕು ಸಲ ಬಡಿಯುತ್ತದೆ, ಅಂದರೆ ಸೆಕೆಂಡಿಗೆ ಐದಕ್ಕಿಂತ ಜಾಸ್ತಿ. ಕಿಕ್, ಅಂದರೆ ಕಾಲಲ್ಲಿ ಬಡಿಯುವ ದೊಡ್ಡ ಡ್ರಮ್, ಗುಂಯ್‌ಗುಡದೆ ಗಟ್ಟಿಯಾಗಿದೆ. ಅದು ಓಡುತ್ತದೆ. ಇದಕ್ಕೆ ಉಲ್ಟಾ, 130ರಲ್ಲಿರುವ ಒಂದು ಮೆತ್ತಗಿನ ಪಿಯಾನೋ, ಸ್ವರಗಳು ನಾಲ್ಕು ಬೀಟ್‌ಗೆ ಒಂದೋ ಎರಡೋ ಬೀಳುವಂಥದ್ದು, ಎಷ್ಟು ಕೇಳಿದರೂ ಶಾಂತವಾಗಿಯೇ ಇರುತ್ತದೆ. ಹಾಗಾಗಿ ಟೆಂಪೋ ಸಂಖ್ಯೆ ನೋಡುವುದು ದೃಶ್ಯದ ಚಲನೆಗೆ ಹೊಂದುತ್ತದಾ ಅಂತ. ಉತ್ಸಾಹ ಇದೆಯಾ ಇಲ್ಲವಾ ಅನ್ನುವುದನ್ನು ಕಿವಿಯಿಂದಲೇ ನಿರ್ಧರಿಸಬೇಕು.

84ರಲ್ಲಿ ಒಂದು ಬೀಟ್‌ಗೆ 17.86 ಫ್ರೇಮ್. ಎರಡು ಹೆಜ್ಜೆಗೆ 18. ವ್ಯತ್ಯಾಸ ಒಂದು ಫ್ರೇಮ್‌ನ ಏಳನೇ ಒಂದು ಭಾಗ. ಎರಡು ಮೂರು ಸೆಕೆಂಡ್ ಶಾಟ್‌ನೊಳಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ವ್ಯತ್ಯಾಸ ಇನ್ನೂ ಜಾಸ್ತಿ ಇದ್ದಿದ್ದರೆ ನಾನು ಹಾಡಿನ ವೇಗ ಮುಟ್ಟುವುದಕ್ಕಿಂತ ಚಿತ್ರದ ವೇಗವನ್ನೇ ಎರಡು ಮೂರು ಶೇಕಡ ಬದಲಿಸುತ್ತಿದ್ದೆ. ಹಾಡನ್ನು ಎಳೆದರೆ ಡ್ರಮ್‌ನ ಪೆಟ್ಟು ಮೊಂಡಾಗುತ್ತದೆ, ಮಾತಿಲ್ಲದ ಓಟದ ಶಾಟ್ ಮೂರು ಶೇಕಡ ವೇಗವಾದರೆ ಯಾರಿಗೂ ತಿಳಿಯುವುದಿಲ್ಲ. ಇನ್ನೊಂದು ಲಾಭ ತಾನಾಗಿಯೇ ಸಿಕ್ಕಿತು. 50 ಫ್ರೇಮ್‌ನ ಶಾಟ್‌ಗಳನ್ನು 25ರಲ್ಲಿ ಓಡಿಸಿದರೆ ಅವಳ ವೇಗ ಅರ್ಧವಾಗುತ್ತದೆ, ಒಂದು ಹೆಜ್ಜೆಗೆ 18 ಫ್ರೇಮ್. ಅಂದರೆ ಸ್ಲೋ ಮೋಷನ್‌ನಲ್ಲಿ ಬೀಟ್‌ಗೊಂದು ಹೆಜ್ಜೆ. ಮಾಮೂಲಿ ಶಾಟ್‌ನಿಂದ ಸ್ಲೋ ಮೋಷನ್‌ಗೆ ಹೋದರೂ ಕಾಲು ತಾಳ ಬಿಡುವುದಿಲ್ಲ.

ಈಗ ಮಾರ್ಕರ್ ಹಾಕುವ ಕೆಲಸ. ಹಾಡು ಓಡಿಸುತ್ತಾ ಬೀಟ್ ಬಿದ್ದಾಗ M ಒತ್ತುತ್ತಾ ಹೋಗುವುದು. ಪ್ರೀಮಿಯರ್, ರಿಸಾಲ್ವ್, ಫೈನಲ್ ಕಟ್ ಈ ಎಡಿಟಿಂಗ್ ಸಾಫ್ಟ್‌ವೇರ್ ಎಲ್ಲದರಲ್ಲೂ ಅದೇ ಕೀ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಇದನ್ನು ಮಾಡಬೇಡಿ. ಶಬ್ದ ಕಿವಿಗೆ ತಡವಾಗಿ ಬರುವುದರಿಂದ ಮಾರ್ಕರ್‌ಗಳೆಲ್ಲಾ ಕೆಲವು ಫ್ರೇಮ್ ತಡವಾಗಿಯೇ ಬೀಳಬಹುದು. ವೈರ್ ಇರುವ ಹೆಡ್‌ಫೋನ್ ಸಾಕು. ಆಮೇಲೆ ಶಬ್ದದ ಏರಿಳಿತ ತೋರಿಸುವ ವೇವ್‌ಫಾರ್ಮ್ ದೊಡ್ಡದು ಮಾಡಿಕೊಂಡು, ಕಿಕ್ ಅಥವಾ ಸ್ನೇರ್ ಡ್ರಮ್‌ನ ಪೆಟ್ಟು ಚೂಪಾಗಿ ಎದ್ದಿರುವ ಜಾಗಕ್ಕೆ ಮಾರ್ಕರ್ ಸರಿಸಬೇಕು.

ಕೆಲವರು ಇಷ್ಟೆಲ್ಲಾ ಯಾಕೆ ಅಂತ ಒಂದು ಬೀಟ್‌ನ ಉದ್ದ ಅಳೆದು, 18 ಫ್ರೇಮ್ ಅಂತ ಇಟ್ಟುಕೊಂಡು, ಅಷ್ಟುದ್ದದ ಶಾಟ್‌ಗಳನ್ನು ಸಾಲಾಗಿ ಜೋಡಿಸುತ್ತಾರೆ. ಮೊದಲ ಕೆಲವು ಕಟ್ ಸರಿಯಾಗಿರುತ್ತವೆ. ಆದರೆ ನಿಜವಾದ ಉದ್ದ 17.86 ಅಲ್ವಾ, ಆ ಚೂರುಗಳೆಲ್ಲಾ ಸೇರುತ್ತಾ ಹೋಗುತ್ತವೆ. 32 ಬೀಟ್ ದಾಟುವಷ್ಟರಲ್ಲಿ, ಅಂದರೆ 23 ಸೆಕೆಂಡಿಗೆ, ಕಟ್ ನಾಲ್ಕೂವರೆ ಫ್ರೇಮ್ ಹಿಂದೆ ಬಿದ್ದಿರುತ್ತದೆ. ಶುರುವಿನಲ್ಲಿ ಚೆನ್ನಾಗಿದ್ದು ಹೋಗ್ತಾ ಹೋಗ್ತಾ ಸಡಿಲವಾಗುವ ವಿಡಿಯೋಗಳಲ್ಲಿ ಕಾರಣ ಸಾಮಾನ್ಯವಾಗಿ ಇದೇ. ಪ್ರತಿ ಕಟ್ಟನ್ನೂ ಅದರದ್ದೇ ಮಾರ್ಕರ್‌ಗೆ ಜೋಡಿಸಿದರೆ ಹೀಗಾಗುವುದಿಲ್ಲ. ಈ ಹಾಡಿನಲ್ಲಿ ಏಳು ಬೀಟ್‌ಗೆ ಸರಿಯಾಗಿ 125 ಫ್ರೇಮ್ ಬರುತ್ತದೆ, ಹಾಗಾಗಿ ಆರು ಬೀಟ್ 18 ಫ್ರೇಮ್, ಒಂದು 17. ಇನ್ನು ಯಂತ್ರದ ತಾಳವಿಲ್ಲದೆ ಮನುಷ್ಯರು ಕೂತು ನುಡಿಸಿದ ಹಾಡಾದರೆ ಟೆಂಪೋನೇ ಸ್ವಲ್ಪ ಹಿಂದೆ ಮುಂದೆ ಆಗುತ್ತಿರುತ್ತದೆ. ಅಲ್ಲಿ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ, ಕಿವಿಯೇ ಗತಿ.

ಮಾರ್ಕರ್ ಎಲ್ಲಾ ಹಾಕಿದ ಮೇಲೆ ಅವುಗಳಲ್ಲಿ ಹೆಚ್ಚಿನದನ್ನು ಬಿಟ್ಟುಬಿಡಬೇಕು. ಓಟದ ಭಾಗದಲ್ಲಿ ನಾನು ಮಾಡಿದ್ದು ಹೀಗೆ. ಮೊದಲ ನಾಲ್ಕು ಬಾರ್‌ಗೆ ಬಾರ್‌ಗೊಂದು ಶಾಟ್. ಒಂದು ಬಾರ್ ಅಂದರೆ ನಾಲ್ಕು ಬೀಟ್, ಇಲ್ಲಿ ಮೂರು ಸೆಕೆಂಡಿಗೆ ಸ್ವಲ್ಪ ಕಡಿಮೆ. ಓಡುವವಳು ಯಾರು, ಎಲ್ಲಿದ್ದಾಳೆ, ಬೆಳಕು ಹೇಗಿದೆ ಅಂತ ನೋಡುವುದಕ್ಕೆ ಅಷ್ಟು ಹೊತ್ತು ಬೇಕು. ಮುಂದಿನ ಎರಡು ಬಾರ್‌ನಲ್ಲಿ ಎರಡೆರಡು ಬೀಟ್‌ಗೆ ಒಂದು ಕಟ್. ಆಮೇಲೆ ಹಾಡು ಏರುವ ಒಂದೇ ಒಂದು ಬಾರ್‌ನಲ್ಲಿ ಬೀಟ್‌ಗೊಂದು ಕಟ್: ಹಿಮ್ಮಡಿ, ಮುಷ್ಟಿ, ಮುಖ, ಮತ್ತೆ ಹಿಮ್ಮಡಿ. ಅದಾದ ತಕ್ಷಣ, ಹಾಡು ಪೂರ್ತಿ ಜೋರಾಗಿ ಬಿಚ್ಚಿಕೊಳ್ಳುವ ಕಡೆ, ಎಲ್ಲರೂ ಇನ್ನೂ ವೇಗವಾಗಿ ಕಟ್ ಮಾಡುವ ಕಡೆ, ಎರಡು ಬಾರ್ ಪೂರ್ತಿ ಒಂದೇ ವೈಡ್ ಶಾಟ್ ಬಿಟ್ಟೆ. ಸುಮಾರು 5.7 ಸೆಕೆಂಡ್. ಅವಳು ಚೌಕಟ್ಟಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತಾಳೆ, ಬೀಟ್‌ಗೆ ಎರಡು ಹೆಜ್ಜೆ, ಒಂದೂ ಕಟ್ ಇಲ್ಲ. ಇಡೀ ವಿಡಿಯೋದಲ್ಲಿ ಅತಿ ಜಾಸ್ತಿ ವೇಗ ಅನ್ನಿಸುವ ಶಾಟ್ ಅದೇ. ಹಿಂದಿನ ಬಾರ್‌ನಲ್ಲಿ ಕಣ್ಣಿಗೆ ಕಟ್‌ನ ಅಭ್ಯಾಸವಾಗಿರುತ್ತದೆ, ಇಲ್ಲಿ ಆ ಕೆಲಸವನ್ನು ಅವಳ ಕಾಲು ವಹಿಸಿಕೊಳ್ಳುತ್ತದೆ.

ಇದೇ ನನಗೆ ಮುಖ್ಯ ಅನ್ನಿಸುವ ವಿಷಯ. ಬೀಟ್ ಮೇಲೆ ಕಟ್ ಬೀಳಲೇಬೇಕು ಅಂತೇನಿಲ್ಲ. ಬೀಟ್ ಮೇಲೆ ಏನೋ ಒಂದು ಬಿದ್ದರೆ ಸಾಕು. ಕಾಲು ನೆಲಕ್ಕೆ ತಾಗುವುದು, ಬಾಗಿಲು ಮುಚ್ಚುವುದು, ತಲೆ ತಿರುಗುವುದು, ಯಾವುದಾದರೂ ಆಗಬಹುದು. ಹಾಗೆ ಆದಾಗ ಕಟ್ ಅನ್ನು ಬೀಟ್‌ಗಳ ನಡುವೆ ಎಲ್ಲಾದರೂ ಇಡಬಹುದು, ಅದು ಕಾಣುವುದೇ ಇಲ್ಲ. ಕೆಲವು ಸಲ ಕಟ್, ಕೆಲವು ಸಲ ಕಾಲು, ಕೆಲವು ಸಲ ಏನೂ ಇಲ್ಲ. ಹೀಗೆ ಬೆರೆಸಿದರೆ ಮುಂದೇನು ಅಂತ ಊಹಿಸುವುದಕ್ಕೆ ಆಗುವುದಿಲ್ಲ, ಆದರೂ ಎಲ್ಲವೂ ತಾಳದಲ್ಲೇ ಇರುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಕಟ್ ಅನ್ನು ಬೀಟ್ ಇರುವ ಫ್ರೇಮ್‌ನಲ್ಲೇ ಇಟ್ಟರೆ ಚೂರು ತಡವಾಯಿತು ಅನ್ನಿಸುತ್ತದೆ. ಅದಕ್ಕೇ ತುಂಬಾ ಎಡಿಟರ್‌ಗಳು ಒಂದೋ ಎರಡೋ ಫ್ರೇಮ್ ಮುಂಚೆ ಕಟ್ ಮಾಡುತ್ತಾರೆ. ಹೊಸ ಚಿತ್ರವನ್ನು ಕಣ್ಣು ಹಿಡಿಯುವುದಕ್ಕೆ ಸ್ವಲ್ಪ ಹೊತ್ತು ಬೇಕು, ಕಿವಿ ಅದಕ್ಕಿಂತ ಚುರುಕು. ಟಿವಿ ಪ್ರಸಾರದಲ್ಲಿ ಚಿತ್ರಕ್ಕೂ ಶಬ್ದಕ್ಕೂ ಎಷ್ಟು ಅಂತರ ಇರಬಹುದು ಅಂತ ಹೇಳುವ, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಐಟಿಯುದ ಶಿಫಾರಸಿನಲ್ಲೂ, ಅದರ ಸಂಖ್ಯೆ ಬಿಟಿ.1359, ಇದೇ ರೀತಿಯ ಒಂದು ಒಲವು ಕಾಣುತ್ತದೆ. ಶಬ್ದ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂಚೆ ಬಂದರೆ ಜನರಿಗೆ ಗೊತ್ತಾಗಲು ಶುರುವಾಗುತ್ತದೆ, ತಡವಾಗಿ ಬಂದರೆ 125 ಮಿಲಿಸೆಕೆಂಡ್ ತನಕ ಗೊತ್ತಾಗುವುದಿಲ್ಲ. 25 ಫ್ರೇಮ್‌ನಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಹಾಗಾಗಿ ಕಾಲು ಡ್ರಮ್‌ಗಿಂತ ಎರಡು ಫ್ರೇಮ್ ಮುಂಚೆ ನೆಲಕ್ಕೆ ತಾಗಿದರೂ ನಡೆಯುತ್ತದೆ, ಎರಡು ಫ್ರೇಮ್ ಆಮೇಲೆ ತಾಗಿದರೆ ಸಿಕ್ಕಿಬೀಳುತ್ತೇವೆ. ಅನುಮಾನ ಬಂದಾಗ ಚಿತ್ರವನ್ನು ಮುಂಚೆ ತನ್ನಿ.

ಈಗ ಅವಳು ಓಟ ನಿಲ್ಲಿಸಿ ಕೂರುತ್ತಾಳೆ. ಶಾಂತ ಭಾಗ ಅಂದ ತಕ್ಷಣ 60, 70ರ ಟೆಂಪೋದ ಇನ್ನೊಂದು ಹಾಡು ಹುಡುಕುವುದು ಮಾಮೂಲು. ಬೇರೆ ಹಾಡಿಗೆ ಹೋಗುವುದಾದರೆ ನಡುವೆ ಒಂದು ಖಾಲಿ ಜಾಗ ಬೇಕು. 84ರ ಡ್ರಮ್ ಇನ್ನೂ ಕಿವಿಯಲ್ಲಿ ಬಡಿಯುತ್ತಿರುವಾಗಲೇ 60ರ ಬೀಟ್ ಶುರುವಾದರೆ, ಆ ಎರಡಕ್ಕೂ ಸಂಬಂಧವೇ ಇಲ್ಲದ್ದರಿಂದ, ಯಾರೋ ಚಾನೆಲ್ ಬದಲಿಸಿದ ಹಾಗೆ ಕೇಳುತ್ತದೆ. ಕೊನೆಯ ಪೆಟ್ಟಿನ ಗುಂಯ್ ಅನ್ನುವ ಬಾಲ ಪೂರ್ತಿ ಸಾಯುವ ತನಕ ಬಿಟ್ಟು, ಅಷ್ಟು ಹೊತ್ತು ಅವಳ ಉಸಿರಿನ ಶಬ್ದ ಮಾತ್ರ ಇಟ್ಟು, ಆಮೇಲೆ ಹೊಸದನ್ನು ತಂದರೆ ಸರಿಹೋಗುತ್ತದೆ. ಅರ್ಧ ಅಥವಾ ದುಪ್ಪಟ್ಟು ಟೆಂಪೋಗೆ ಹೋಗುವುದಾದರೆ ಈ ತೊಂದರೆ ಇಷ್ಟಿಲ್ಲ.

ನಾನು ಹಾಡು ಬದಲಿಸಲಿಲ್ಲ. ಅದೇ ಟ್ರ್ಯಾಕ್‌ನಲ್ಲಿ ಮಧ್ಯೆ ಡ್ರಮ್ ಪೂರ್ತಿ ನಿಂತು ಬರೀ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು, ಉಳಿಯುವ ಒಂದು ಭಾಗ ಇತ್ತು. ಟೆಂಪೋ 84 ಆಗಿಯೇ ಇದೆ, ಆದರೆ ಈಗ ಎರಡು ಬಾರ್‌ಗೆ ಒಂದು ಸಲ ಕಾರ್ಡ್ ಬದಲಾಗುವುದು ಬಿಟ್ಟರೆ ಬೇರೇನೂ ಆಗುವುದಿಲ್ಲ. ಕಿವಿ ಬೀಟ್ ಎಣಿಸುವುದು ಬಿಟ್ಟು ಕಾರ್ಡ್ ಎಣಿಸುತ್ತದೆ. ಹೀಗೆ ಸಂಖ್ಯೆ ಬದಲಾಗದೆ ಶಾಂತವಾಗುತ್ತದೆ.

ಇಲ್ಲಿ ದೃಶ್ಯದೊಳಗಿನ ಬೀಟ್ ಯಾವುದು? ಅವಳ ಉಸಿರು. ಓಟ ನಿಲ್ಲಿಸಿದ ಮೊದಲ ಶಾಟ್‌ನಲ್ಲಿ ಎದೆ ಏರಿ ಇಳಿದು ಮತ್ತೆ ಏರುವುದಕ್ಕೆ ಹೆಚ್ಚು ಕಡಿಮೆ ಎರಡು ಬೀಟ್ ಹಿಡಿಯುತ್ತದೆ. ಕೊನೆಯ ಶಾಟ್‌ಗೆ ಬರುವಷ್ಟರಲ್ಲಿ ಅದು ಒಂದು ಬಾರ್ ಆಗಿದೆ. ಕ್ಯಾಮೆರಾ ಇದನ್ನು ಹಿಡಿದಿದೆ, ನಾನು ಏನೂ ಸೇರಿಸಬೇಕಾಗಿಲ್ಲ. ಶಾಟ್‌ಗಳನ್ನು ಉಸಿರಿನ ವೇಗದ ಕ್ರಮದಲ್ಲೇ ಇಟ್ಟರೆ ಸಾಕು. ನಡುವೆ ಚೆನ್ನಾಗಿದೆ ಅಂತ ಒಂದು ಹಳೆಯ, ಜೋರು ಉಸಿರಿನ ಶಾಟ್ ತುರುಕಿದರೆ ತಕ್ಷಣ ಶಾಂತಿ ಕೆಡುತ್ತದೆ. ಕಟ್ ಇಡುವುದು ಉಸಿರು ಬಿಟ್ಟು ಮುಗಿದ ಕಡೆ. ಉಸಿರು ಎಳೆದುಕೊಳ್ಳುವಾಗ ಕಟ್ ಮಾಡಿದರೆ ಏನೋ ಆಗಲಿದೆ ಅನ್ನಿಸುತ್ತದೆ. ಮಾತು, ಜಗಳ ಇರುವ ದೃಶ್ಯದಲ್ಲಿ ಅದು ಉಪಯೋಗಕ್ಕೆ ಬರುತ್ತದೆ, ಇಲ್ಲಿ ಬೇಡ.

ಕಾರ್ಡ್ ಬದಲಾಗುವ ಜಾಗದಲ್ಲೇ ಸರಿಯಾಗಿ ಕಟ್ ಮಾಡಬೇಕು ಅಂತ ಕೈ ತುರಿಸುತ್ತದೆ. ಜೋರು ಭಾಗಕ್ಕೆ ಅದು ಸರಿ, ಶಾಂತ ಭಾಗದಲ್ಲಿ ಅದು ಘೋಷಣೆ ಮಾಡಿದ ಹಾಗಾಗುತ್ತದೆ: ನೋಡಿ, ಹೊಸ ಶಾಟ್ ಬಂತು. ಕಾರ್ಡ್ ಬದಲಾಗಿ ಅರ್ಧ ಬೀಟ್ ಅಥವಾ ಒಂದು ಬೀಟ್ ಆದ ಮೇಲೆ ಕಟ್ ಇಟ್ಟೆ. ಕಿವಿ ಮೊದಲು ಹೋಗುತ್ತದೆ, ಕಣ್ಣು ಹಿಂದೆ ಬರುತ್ತದೆ. ಇಲ್ಲಿ ತಡವಾಗಿದ್ದು ತಪ್ಪಾಗಿ ಕಾಣುವುದಿಲ್ಲ, ಯಾಕಂದರೆ ಹೊಂದಿಸಿ ನೋಡುವುದಕ್ಕೆ ಚೂಪಾದ ಪೆಟ್ಟು ಯಾವುದೂ ಇಲ್ಲ. ಒಂದು ಕಡೆ ಮಾತ್ರ ಕಾರ್ಡ್ ಬದಲಾಗುವ ಕ್ಷಣವನ್ನು ಶಾಟ್‌ನ ಮಧ್ಯಕ್ಕೆ ಬಿಟ್ಟೆ. ಶೂ ಲೇಸ್ ಬಿಚ್ಚುತ್ತಿದ್ದವಳು ಕೈ ನಿಲ್ಲಿಸಿ ತಲೆ ಎತ್ತುತ್ತಾಳೆ, ಕಾರ್ಡ್ ಅಲ್ಲಿ ಬದಲಾಗುತ್ತದೆ. ಶಾಟ್‌ಗಳ ಉದ್ದ 5, 7, 4, 9 ಸೆಕೆಂಡ್, ಹೀಗೆ ಯಾವ ಲೆಕ್ಕಕ್ಕೂ ಸಿಗದ ಹಾಗೆ ಬಂತು. ಅದು ಒಳ್ಳೆಯದೇ. ಎಲ್ಲಾ ಶಾಟ್ ಒಂದೇ ಉದ್ದ ಇದ್ದರೆ ನಿಧಾನದ ದೃಶ್ಯದಲ್ಲೂ ಗಡಿಯಾರ ಕಾಣಿಸುತ್ತದೆ.

ಕೈಯಲ್ಲಿ ಹಿಡಿದು ಶೂಟ್ ಮಾಡಿದ ಶಾಟ್ ಇದ್ದರೆ ಅದರ ನಡುಕಕ್ಕೂ ಒಂದು ವೇಗ ಇರುತ್ತದೆ ಅನ್ನುವುದು ಮರೆತುಹೋಗುತ್ತದೆ. ಎಷ್ಟೇ ಶಾಂತವಾದ ಸಂಗೀತ ಹಾಕಿದರೂ ಚೌಕಟ್ಟು ಸಣ್ಣಗೆ ಅದುರುತ್ತಿದ್ದರೆ ಮನಸ್ಸು ನಿಲ್ಲುವುದಿಲ್ಲ. ಅಂಥ ಎರಡು ಶಾಟ್‌ಗಳನ್ನು ನಾನು ತೆಗೆದು ಓಟದ ಭಾಗಕ್ಕೆ ಹಾಕಿದೆ. ಅಲ್ಲಿ ಅವು ಚೆನ್ನಾಗಿ ಕೂತವು.

ಮುಗಿದ ಮೇಲೆ ಎರಡು ಪರೀಕ್ಷೆ ಮಾಡುತ್ತೇನೆ. ಮೊದಲನೆಯದು, ಶಬ್ದ ಪೂರ್ತಿ ನಿಲ್ಲಿಸಿ ನೋಡುವುದು. ಸಂಗೀತ ಇಲ್ಲದೆಯೂ ಯಾವ ಭಾಗ ಜೋರು, ಯಾವುದು ಶಾಂತ ಅಂತ ಗೊತ್ತಾಗಬೇಕು. ಗೊತ್ತಾಗದಿದ್ದರೆ ಎಡಿಟ್ ಹಾಡಿನ ಹೆಗಲ ಮೇಲೆ ಕೂತಿದೆ ಅಂತ ಅರ್ಥ. ಎರಡನೆಯದು, ಫೋನಿನ ಸ್ಪೀಕರ್‌ನಲ್ಲಿ ಕೇಳುವುದು. ಕಿಕ್ ಡ್ರಮ್‌ನ ಶಕ್ತಿ ಹೆಚ್ಚಾಗಿ 100 ಹರ್ಟ್ಸ್‌ಗಿಂತ ಕೆಳಗೆ ಇರುತ್ತದೆ, ಫೋನಿನ ಪುಟ್ಟ ಸ್ಪೀಕರ್ ಅದನ್ನು ಸರಿಯಾಗಿ ಕೇಳಿಸುವುದೇ ಇಲ್ಲ. ಹೆಡ್‌ಫೋನ್‌ನಲ್ಲಿ ದಢಾರ್ ಅಂತ ಕೂತಿದ್ದ ಕಟ್‌ಗಳು ಫೋನಿನಲ್ಲಿ ಕಾರಣವಿಲ್ಲದೆ ಬಿದ್ದ ಹಾಗೆ ಕಾಣುತ್ತವೆ, ಯಾಕಂದರೆ ಕಾರಣವೇ ಕೇಳಿಸುತ್ತಿಲ್ಲ. ಓಟದ ಭಾಗದಲ್ಲಿ ಬರೀ ಕಿಕ್ ನಂಬಿ ಇಟ್ಟಿದ್ದ ಮೂರು ಕಟ್‌ಗಳನ್ನು ಹತ್ತಿರದ ಸ್ನೇರ್‌ಗೆ ಸರಿಸಿದೆ, ಸ್ನೇರ್ ಎಲ್ಲಾ ಸ್ಪೀಕರ್‌ನಲ್ಲೂ ಕೇಳುತ್ತದೆ. ವೈಡ್ ಶಾಟ್ ಮುಟ್ಟಬೇಕಾಗಿ ಬರಲಿಲ್ಲ, ಅಲ್ಲಿ ಹೆಜ್ಜೆಗಳ ಜೊತೆ ಹೈ-ಹ್ಯಾಟ್ ಇದ್ದೇ ಇತ್ತು.